ಹನ್ನೊಂದಕ್ಕೂ ಹದಿನಾರಕ್ಕೂ ನಡುವೆ: ಪಿಯು ಪ್ರಬಂಧಕ್ಕೊಂದು ರೂಬ್ರಿಕ್

ಪಿಯು ಕನ್ನಡದ ಪ್ರಬಂಧ ತಿದ್ದುವಾಗ ಕೈ ತಾನಾಗಿಯೇ ಏಳರ ಕಡೆ ಹೋಗುತ್ತದೆ. ಹತ್ತಕ್ಕೆ ಏಳು. ಅಕ್ಷರ ದುಂಡಗಿದ್ದರೆ ಏಳೂವರೆ, ಕಾಗುಣಿತ ತಪ್ಪಿದ್ದರೆ ಆರು. ಭಾವಗೀತೆಯ ಸಾರಾಂಶಕ್ಕೆ ಇದು ಹೇಗೋ ನಡೆದೀತು. ಮನವೊಲಿಸುವ ಪ್ರಬಂಧಕ್ಕೆ ನಡೆಯುವುದಿಲ್ಲ. ಅಲ್ಲಿ ಕೇಳಿದ್ದು ಒಬ್ಬ ಓದುಗನನ್ನು ಒಂದು ಮಾತಿಗೆ ಒಪ್ಪಿಸುವ ಕೆಲಸ. ಆ ಕೆಲಸ ಆಯಿತೋ ಇಲ್ಲವೋ ಎಂಬುದಕ್ಕೂ ಅಕ್ಷರದ ದುಂಡಿಗೂ ಸಂಬಂಧವಿಲ್ಲ.

ಭಾಷಾ ವಿಷಯಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಎಂದಾದ ಮೇಲೆ ಕಾಲೇಜಿನ ಒಳಗೇ ಅಂಕ ಕೊಡುವ ಹೊಣೆ ಹೆಚ್ಚಿದೆ. ಬೋರ್ಡಿನ ಉತ್ತರ ಪತ್ರಿಕೆಗೆ ಮೌಲ್ಯಮಾಪನದ ಸ್ಕೀಮ್ ಬರುತ್ತದೆ. ನಮ್ಮ ತರಗತಿಯ ಪ್ರಬಂಧಕ್ಕೆ ಸ್ಕೀಮ್ ನಾವೇ ಬರೆದುಕೊಳ್ಳಬೇಕು. ಆ ಸ್ಕೀಮಿಗೆ ರೂಬ್ರಿಕ್ ಅನ್ನುತ್ತಾರೆ. ಅಡ್ಡಸಾಲಿನಲ್ಲಿ ಏನನ್ನು ನೋಡುತ್ತೇವೆ ಎಂಬುದಿರುತ್ತದೆ, ಕಂಬಸಾಲಿನಲ್ಲಿ ಹಂತಗಳಿರುತ್ತವೆ. ಮನೆಗಳನ್ನು ಯಾರಾದರೂ ಗೆರೆ ಎಳೆದು ಕೊಡುತ್ತಾರೆ. ಕಷ್ಟ ಇರುವುದು ಮನೆಯೊಳಗೆ ಏನು ಬರೆಯಬೇಕು ಎಂಬಲ್ಲಿ.

ಸಾಮಾನ್ಯವಾಗಿ ಕೈಗೆ ಸಿಗುವ ರೂಬ್ರಿಕ್‌ಗಳಲ್ಲಿ ‘ವಾದ ಅತ್ಯುತ್ತಮವಾಗಿದೆ’, ‘ವಾದ ಉತ್ತಮವಾಗಿದೆ’, ‘ವಾದ ಸಾಧಾರಣವಾಗಿದೆ’, ‘ವಾದ ಸುಧಾರಿಸಬೇಕು’ ಎಂದಿರುತ್ತದೆ. ಇದು ರೂಬ್ರಿಕ್ ಅಲ್ಲ, ಏಳೂವರೆಯನ್ನೇ ನಾಲ್ಕು ಮಾತಿನಲ್ಲಿ ಬರೆದದ್ದು. ಉತ್ತಮಕ್ಕೂ ಅತ್ಯುತ್ತಮಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ಹಾಳೆಯ ಮೇಲೆ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಹಂತದ ವಿವರಣೆ ಸರಿಯಿದೆಯೇ ಎಂದು ನೋಡಲು ಇದೊಂದೇ ಪರೀಕ್ಷೆ ಸಾಕು: ಈ ಪ್ರಬಂಧ ಎರಡನೇ ಹಂತದ್ದು, ಮೂರನೆಯದ್ದಲ್ಲ ಎನ್ನುವಾಗ ಯಾವ ವಾಕ್ಯ ಇದೆ, ಯಾವ ವಾಕ್ಯ ಇಲ್ಲ ಎಂದು ತೋರಿಸಬಹುದೇ? ಆಗದಿದ್ದರೆ ಆ ವಿವರಣೆ ಅಳಿಸಿ.

ವಿವರಣೆಯ ಮಾತು ಸಿಗುವುದು ಹಳೆಯ ಉತ್ತರ ಪತ್ರಿಕೆಗಳಲ್ಲಿ. ಹೋದ ವರ್ಷದ ಹದಿನೈದಿಪ್ಪತ್ತು ಪ್ರಬಂಧ ತೆಗೆದು, ಹೆಸರು ಮತ್ತು ಅಂಕ ಮುಚ್ಚಿ ಜೆರಾಕ್ಸ್ ಮಾಡಿಸಬೇಕು. ಇಬ್ಬರು ಉಪನ್ಯಾಸಕರು ಬೇರೆ ಬೇರೆ ಕೂತು ಅವನ್ನು ನಾಲ್ಕು ಗುಂಪು ಮಾಡಬೇಕು. ಒಂದು ಹಾಳೆಯನ್ನು ಈ ಗುಂಪಿಗೆ ಹಾಕುವಾಗಲೇ ಯಾಕೆ ಎಂದು ಒಂದು ಚೀಟಿಯಲ್ಲಿ ಒಂದು ವಾಕ್ಯ ಬರೆಯಬೇಕು. ‘ಕಾರಣ ಹೇಳಿದ್ದಾನೆ, ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ ಗೊತ್ತಾಗಲಿಲ್ಲ’ ಎಂಬಂಥ ವಾಕ್ಯ. ಆ ಚೀಟಿಗಳೇ ರೂಬ್ರಿಕ್‌ನ ಕಚ್ಚಾ ಸಾಮಾನು. ಮೊದಲೇ ತಲೆಯಿಂದ ಬರೆದ ವಿವರಣೆಗಳಲ್ಲಿ ನಾಲ್ಕನೇ ಹಂತ ಯಾವ ಹುಡುಗನೂ ಬರೆಯದಷ್ಟು ಎತ್ತರದಲ್ಲಿರುತ್ತದೆ, ಒಂದನೇ ಹಂತ ಯಾರೂ ಬರೆಯದಷ್ಟು ಕೆಟ್ಟದಾಗಿರುತ್ತದೆ. ಕಡೆಗೆ ಇಡೀ ಸೆಕ್ಷನ್ ಎರಡು ಮತ್ತು ಮೂರರಲ್ಲಿ ತುರುಕಿಕೊಳ್ಳುತ್ತದೆ.

ಹಂತ ನಾಲ್ಕೇ ಯಾಕೆ ಎಂದರೆ, ಐದಿದ್ದರೆ ಮಧ್ಯದ ಮೂರು ಎಂಬುದು ಮರದ ನೆರಳಿನ ಹಾಗೆ. ಬಿಸಿಲಲ್ಲಿ ದಣಿದವರೆಲ್ಲ ಅಲ್ಲೇ ನಿಲ್ಲುತ್ತಾರೆ. ನಾಲ್ಕಿದ್ದರೆ ಈ ಕಡೆಯೋ ಆ ಕಡೆಯೋ ಎಂದು ನಿರ್ಧರಿಸಲೇಬೇಕು. ಆರು ಹಂತವನ್ನು ಬರೆಯಬಹುದು, ಆದರೆ ಪಕ್ಕಪಕ್ಕದ ಹಂತಗಳ ನಡುವೆ ತೋರಿಸುವಂಥ ಫರಕು ಉಳಿಯುವುದಿಲ್ಲ.

ಸಾಲುಗಳು ಕೂಡ ನಾಲ್ಕೇ ಸಾಕು: ನಿಲುವು, ಆಧಾರ, ಪೂರ್ವಪಕ್ಷ, ಭಾಷೆ ಮತ್ತು ಜೋಡಣೆ. ಪ್ರತಿಯೊಂದಕ್ಕೂ 1ರಿಂದ 4. ಆಧಾರದ ಸಾಲನ್ನು ಮಾತ್ರ ಎರಡರಿಂದ ಗುಣಿಸಬೇಕು. ಒಟ್ಟು ಇಪ್ಪತ್ತು ಅಂಕ. ಹತ್ತಕ್ಕೆ ಬೇಕಿದ್ದರೆ ಅರ್ಧ ಮಾಡಿದರಾಯಿತು. ಎಲ್ಲ ಸಾಲಲ್ಲೂ ಒಂದನೇ ಹಂತದಲ್ಲಿದ್ದರೂ ಐದು ಅಂಕ ಬರುತ್ತದೆ ಎಂಬುದನ್ನು ನೆನಪಿಡಿ. ಸೊನ್ನೆ ಎಂಬುದು ಖಾಲಿ ಹಾಳೆಗೆ ಅಥವಾ ಬೇರೆ ವಿಷಯದ ಮೇಲೆ ಬರೆದದ್ದಕ್ಕೆ ಮಾತ್ರ, ಅದನ್ನು ಪಟ್ಟಿಯ ಕೆಳಗೆ ಪ್ರತ್ಯೇಕವಾಗಿ ಬರೆದಿಡಬೇಕು.

ನಿಲುವಿನ ಸಾಲು ಸುಲಭ. ಏನು ಆಗಬೇಕು, ಯಾರು ಮಾಡಬೇಕು ಎಂಬೆರಡೂ ಮೊದಲ ಪ್ಯಾರಾದಲ್ಲೇ ಸಿಕ್ಕಿ ಕಡೆಯವರೆಗೂ ಅದೇ ಉಳಿದರೆ ನಾಲ್ಕು. ಎರಡರಲ್ಲಿ ಒಂದೇ ಸಿಕ್ಕರೆ ಮೂರು. ನಿಲುವು ಕಡೆಯ ಸಾಲಿನಲ್ಲಿ ಮಾತ್ರ ಬಂದರೆ ಎರಡು. ‘ಇದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ’ ಎಂದು ಮುಗಿದರೆ ಒಂದು. ಈ ಕಡೆಯದ್ದು ಹೈಸ್ಕೂಲಿನ ‘ಅನುಕೂಲ-ಅನಾನುಕೂಲ’ ಪ್ರಬಂಧದ ಅಭ್ಯಾಸದಿಂದ ಬಂದದ್ದು. ಪ್ರಥಮ ಪಿಯುಸಿಯ ಮೊದಲ ತಿಂಗಳುಗಳಲ್ಲಿ ಹೇರಳವಾಗಿ ಸಿಗುತ್ತದೆ.

ತೂಕವೆಲ್ಲ ಇರುವುದು ಆಧಾರದ ಸಾಲಿನಲ್ಲಿ. ಇಲ್ಲಿ ನಮ್ಮ ಕಡೆಯ ಪ್ರಬಂಧಗಳಿಗೆ ಒಂದು ವಿಶೇಷ ಇದೆ. ಬಸವಕಲ್ಯಾಣದ ನೆಲದ ಮಕ್ಕಳು, ವಚನ ಬಾಯಲ್ಲೇ ಇರುತ್ತದೆ. ಗಾದೆಗೂ ಬರವಿಲ್ಲ. ಕಲ್ಯಾಣ ಕರ್ನಾಟಕ ಎಂದ ಕೂಡಲೇ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ಕೂಡ ಬರುತ್ತದೆ, ವಿಷಯ ಗ್ರಂಥಾಲಯವಾಗಲಿ, ಪ್ಲಾಸ್ಟಿಕ್ ಆಗಲಿ. ಇವು ಒಂದೊಂದೂ ನಿಜವಾದ ಮಾತೇ. ಆದರೆ ನಿಜವಾಗಿರುವುದು ಬೇರೆ, ಈ ನಿಲುವಿಗೆ ಆಧಾರವಾಗುವುದು ಬೇರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಕಲಿತವರಿಗೆ ಗಾದೆಯೊಂದು ಪುರಾವೆಯಲ್ಲ ಎಂದು ಹೇಳಿಕೊಡುವುದು ಸ್ವಲ್ಪ ತ್ರಾಸಿನ ಕೆಲಸ. ಆ ವ್ಯತ್ಯಾಸವನ್ನು ಹಂತದ ಮಾತಿನಲ್ಲೇ ಕಟ್ಟಬೇಕು.

ತತ್ತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದವನ್ನು ಬಿಡಿಸಿ ತೋರಿಸಿದ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ನಿಲುವು, ಒಂದು ಆಧಾರ, ಆ ಆಧಾರದಿಂದ ನಿಲುವಿಗೆ ಹೋಗಲು ಬಿಡುವ ಮೂರನೆಯದೊಂದು ಮಾತು. ಮೂರನೆಯದನ್ನು ತರಗತಿಯಲ್ಲಿ ‘ಸೇತು ವಾಕ್ಯ’ ಎಂದರೆ ಮಕ್ಕಳಿಗೆ ತಿಳಿಯುತ್ತದೆ. ನದಿಯ ಈ ದಡದಲ್ಲಿ ಆಧಾರ, ಆ ದಡದಲ್ಲಿ ನಿಲುವು. ಸೇತು ಇಲ್ಲದಿದ್ದರೆ ಓದುಗ ಈಜಿಕೊಂಡು ಹೋಗಬೇಕು.

ಇದನ್ನಿಟ್ಟುಕೊಂಡು ಆಧಾರದ ಸಾಲಿನ ನಾಲ್ಕು ಮನೆ ಹೀಗೆ ತುಂಬಬಹುದು. ಮೊದಲು ಮೂರನೇ ಹಂತ ಬರೆಯಿರಿ, ಯಾಕೆಂದರೆ ಸೆಕ್ಷನ್‌ನ ಬಹುಪಾಲು ಮಕ್ಕಳು ವರ್ಷದ ಕಡೆಗೆ ಮುಟ್ಟಬೇಕಾದದ್ದು ಅದು.

ಹಂತ 3: ಕನಿಷ್ಠ ಒಂದು ಕಾರಣಕ್ಕೆ ನಿರ್ದಿಷ್ಟ ಆಧಾರವೂ ಇದೆ, ಅದು ನಿಲುವಿಗೆ ಹೇಗೆ ಸೇರುತ್ತದೆ ಎಂಬ ಸೇತು ವಾಕ್ಯವೂ ಇದೆ. ಆದರೆ ಕೇಳುತ್ತಿರುವುದು ಆಧಾರ ಹೊರುವುದಕ್ಕಿಂತ ದೊಡ್ಡದು, ಅಥವಾ ಉಳಿದ ಕಾರಣಗಳಿಗೆ ಸೇತು ಇಲ್ಲ.

ಹಂತ 4: ಪ್ರತಿ ಮುಖ್ಯ ಕಾರಣಕ್ಕೂ ಆಧಾರ ಮತ್ತು ಸೇತು ಎರಡೂ ಇವೆ. ಆಧಾರ ಎಷ್ಟನ್ನು ಹೊರುತ್ತದೋ ಅಷ್ಟನ್ನೇ ಕೇಳಿದೆ.

ಹಂತ 2: ವಿಷಯಕ್ಕೆ ಸೇರಿದ ಮಾಹಿತಿ ಅಥವಾ ಉದಾಹರಣೆ ಇದೆ. ಅದರಿಂದ ನಿಲುವು ಹೇಗೆ ಬರುತ್ತದೆ ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು.

ಹಂತ 1: ನಿಲುವನ್ನೇ ಬೇರೆ ಮಾತಿನಲ್ಲಿ ತಿರುಗಿ ಹೇಳಿದೆ, ಅಥವಾ ಯಾವ ವಿಷಯಕ್ಕಾದರೂ ಹೊಂದುವ ಗಾದೆ, ವಚನ, ನುಡಿಮುತ್ತುಗಳಷ್ಟೇ ಇವೆ.

ಇದರಲ್ಲಿ ‘ಚೆನ್ನಾಗಿ’, ‘ಸಮರ್ಥವಾಗಿ’, ‘ಪರಿಣಾಮಕಾರಿಯಾಗಿ’ ಎಂಬ ಮಾತು ಒಂದೂ ಇಲ್ಲ. ಎಣಿಕೆಯನ್ನೂ ಬೇಕೆಂದೇ ದೂರ ಇಡಲಾಗಿದೆ. ‘ಮೂರು ಆಧಾರ ಕೊಟ್ಟರೆ ನಾಲ್ಕನೇ ಹಂತ’ ಎಂದು ಬರೆದು ನೋಡಿ, ಮುಂದಿನ ಟೆಸ್ಟಿನಲ್ಲಿ ‘ಮೊದಲನೆಯದಾಗಿ, ಎರಡನೆಯದಾಗಿ, ಮೂರನೆಯದಾಗಿ’ ಎಂಬ ಮೂರು ಪೊಳ್ಳು ವಾಕ್ಯ ಬಂದು ಕೂರುತ್ತವೆ. ಮಕ್ಕಳು ಜಾಣರು, ಅಳತೆ ಯಾವುದೋ ಅದನ್ನೇ ತುಂಬಿ ಕೊಡುತ್ತಾರೆ. ಒಂದೇ ಕಾರಣವನ್ನು ಪೂರಾ ಕಟ್ಟಿದ ಪ್ರಬಂಧ ಮೂರು ಕಾರಣ ಎಸೆದ ಪ್ರಬಂಧಕ್ಕಿಂತ ಮೇಲೆ ಬರುವಂತಿರಬೇಕು.

ಇನ್ನು ಪೂರ್ವಪಕ್ಷ. ಎದುರಾಳಿಯ ಮಾತನ್ನು ಮೊದಲು ಮಂಡಿಸಿ ಆಮೇಲೆ ತನ್ನ ಸಿದ್ಧಾಂತ ಹೇಳುವ ಕ್ರಮ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಬಹಳ ಹಳೆಯದು, ಹಾಗಾಗಿ ಹೊಸ ಪದ ಹುಡುಕಬೇಕಿಲ್ಲ. ಎದುರು ಮಾತಿನ ಸುಳಿವೇ ಇಲ್ಲದಿದ್ದರೆ ಒಂದು. ‘ಕೆಲವರು ಹೀಗೆನ್ನುತ್ತಾರೆ, ಅದು ತಪ್ಪು’ ಎಂದು ತಳ್ಳಿಹಾಕಿದರೆ ಎರಡು. ಯಾಕೆ ತಪ್ಪು ಎಂದು ಕಾರಣ ಕೊಟ್ಟರೆ ಮೂರು. ಎದುರು ಮಾತಿನಲ್ಲಿ ನಿಜ ಎಷ್ಟಿದೆ ಎಂದು ಒಪ್ಪಿಕೊಂಡು, ಅದಕ್ಕೆ ತಕ್ಕಂತೆ ದಾರಿ ತೋರಿಸಿದರೆ ನಾಲ್ಕು. ಎರಡಕ್ಕೂ ಮೂರಕ್ಕೂ ನಡುವೆ ಇರುವುದು ‘ಯಾಕೆಂದರೆ’ ಎಂಬೊಂದು ಪದ ಎಂದು ಮಕ್ಕಳಿಗೆ ಹೇಳಿದರೆ ಸಾಕು, ಬಹಳಷ್ಟು ಹಾಳೆಗಳು ಮೇಲೇರುತ್ತವೆ. ಸಾಲುಗಳಲ್ಲಿ ಬೇಗ ಕಲಿಸಲು ಬರುವುದು ಇದೇ.

ಇದನ್ನು ಒಂದು ವಿಷಯದ ಮೇಲೆ ಇಟ್ಟು ನೋಡೋಣ. ತಾಲೂಕು ಸ್ಥಳದ ಕಾಲೇಜು, ಸುತ್ತಲ ಹಳ್ಳಿಗಳಿಂದ ಬಸ್ಸಿಗೆ ಬರುವ ಮಕ್ಕಳು. ಪ್ರಶ್ನೆ: ‘ಮೊದಲ ಪೀರಿಯಡ್ ಬೆಳಿಗ್ಗೆ 9:30ರ ಬದಲು 10 ಗಂಟೆಗೆ ಶುರುವಾಗಬೇಕು. ನಿಮ್ಮ ಪ್ರಾಂಶುಪಾಲರು ಒಪ್ಪುವಂತೆ 300 ಪದಗಳಲ್ಲಿ ಬರೆಯಿರಿ.’ ಓದುಗ ಯಾರು ಎಂದು ಪ್ರಶ್ನೆಯಲ್ಲೇ ಹೇಳಿರುವುದನ್ನು ಗಮನಿಸಿ. ಓದುಗ ಇಲ್ಲದ ಪ್ರಶ್ನೆಗೆ ಪೂರ್ವಪಕ್ಷ ಬರೆಯುವುದು ಯಾರಿಗೂ ಕಷ್ಟ. ಕೆಳಗಿನ ಎರಡು ತುಣುಕು ತರಗತಿಗೆಂದು ಕಟ್ಟಿದ ಮಾದರಿಗಳು.

ಮೊದಲ ಹಾಳೆ: ‘ಕಾಲವು ಅಮೂಲ್ಯವಾದುದು. ಕಳೆದುಹೋದ ಕಾಲ ಮರಳಿ ಬಾರದು. ವಿದ್ಯಾರ್ಥಿ ಜೀವನವು ಬಂಗಾರದ ಜೀವನವಾಗಿದ್ದು, ಅದರ ಪ್ರತಿಯೊಂದು ಕ್ಷಣವನ್ನೂ ಸದುಪಯೋಗಪಡಿಸಿಕೊಳ್ಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಿತು. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ದೊರೆಯಿತು. ಆದ್ದರಿಂದ ಕಾಲೇಜು ಹತ್ತು ಗಂಟೆಗೆ ಆರಂಭವಾಗಬೇಕು.’

ಎರಡನೇ ಹಾಳೆ: ‘ಸರ್, ನೀವು ಮೊದಲ್ನೇ ಪೀರಿಯಡ್ ಹತ್ತಕ್ಕ ಇಡಬೇಕು. ನಮ್ಮೂರಿಂದ ಮುಂಜಾನಿ ಬಸ್ ಒಂದೇ ಅದ. ಅದು ಸ್ಟ್ಯಾಂಡಿಗಿ 9:25ಕ್ಕ ಬರ್ತದ. ಅಲ್ಲಿಂದ ನಡ್ಕೋತ ಬರ್ಲಾಕ 15 ನಿಮಿಷ ಹಿಡೀತದ. ಅಂದ್ರ ದಿನಾ ಹತ್ತು ನಿಮಿಷ ತಡ, ಹಾಜರಿ ಮುಗ್ದಿರ್ತದ, ಪಾಠದ ಸುರು ನಮಗ ಸಿಗಲ್ಲ. ಸಂಜಿ ಅರ್ಧ ತಾಸು ತಡ ಆದ್ರ ಕಡೀ ಬಸ್ ತಪ್ತದ ಅಂತ ನೀವು ಅನ್ಬಹುದು. ಅದು ಖರೇನೇ ಅದ. ಆದ್ರ ಊಟದ ಬಿಡುವು ಒಂದು ತಾಸು ಅದ. ಅದನ್ನ ಅರ್ಧ ತಾಸು ಮಾಡಿದ್ರ ಬಿಡೋ ಟೈಮ್ ಬದಲಾಗಲ್ಲ.’

ಕೈಗೆ ಬಂದಂತೆ ತಿದ್ದಿದರೆ ಮೊದಲ ಹಾಳೆಗೆ ಎಂಟು, ಎರಡನೆಯದಕ್ಕೆ ಐದು. ‘ಭಾಷೆ ಸುಧಾರಿಸಿಕೊಳ್ಳಿ’ ಎಂದು ಕೆಂಪು ಶಾಯಿಯ ಷರಾ.

ರೂಬ್ರಿಕ್ ಇಟ್ಟರೆ ಮೊದಲ ಹಾಳೆಯ ನಿಲುವು ಕಡೆಯ ಸಾಲಿನಲ್ಲಿ ಮಾತ್ರ ಇದೆ, ಎರಡು. ಆಧಾರ? ಕಾಲ ಅಮೂಲ್ಯ ಎಂಬುದು ಬೇಗ ಶುರುಮಾಡಿ ಎನ್ನುವುದಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಶಕ್ತಿ ಯೋಜನೆಯ ತಾರೀಖು ಸರಿಯಾಗಿದೆ, ಬಸ್ಸಿನ ವಿಷಯಕ್ಕೂ ಸೇರಿದ್ದು. ಆದರೆ ಉಚಿತ ಪ್ರಯಾಣಕ್ಕೂ ಹತ್ತು ಗಂಟೆಗೂ ಏನು ಸಂಬಂಧ? ‘ಈಗ ಬಸ್ಸಿಗೆ ಬರುವ ಹುಡುಗಿಯರು ಹೆಚ್ಚಿದ್ದಾರೆ, ಮುಂಜಾನೆಯ ಬಸ್ ತುಂಬಿದರೆ ಮುಂದಿನದಕ್ಕೆ ಕಾಯಬೇಕು’ ಎಂಬ ಒಂದು ಸೇತು ಹಾಕಿದ್ದರೆ, ಹೆಚ್ಚಿದ್ದನ್ನು ತರಗತಿಯಲ್ಲೇ ಎಣಿಸಿ ತೋರಿಸಿದ್ದರೆ, ಮೂರಾಗುತ್ತಿತ್ತು. ಈಗ ಎರಡು, ಗುಣಿಸಿದರೆ ನಾಲ್ಕು. ಪೂರ್ವಪಕ್ಷ ಒಂದು. ಭಾಷೆಗೆ ನಾಲ್ಕು ಕೊಡೋಣ. ಒಟ್ಟು ಇಪ್ಪತ್ತಕ್ಕೆ ಹನ್ನೊಂದು.

ಎರಡನೆಯದರಲ್ಲಿ ಯಾರು, ಏನು ಎಂಬುದು ಮೊದಲ ವಾಕ್ಯದಲ್ಲೇ ಇದೆ. ನಿಲುವಿಗೆ ನಾಲ್ಕು. ಪೂರ್ವಪಕ್ಷಕ್ಕೂ ನಾಲ್ಕು, ‘ಖರೇನೇ ಅದ’ ಎಂದು ಒಪ್ಪಿ ದಾರಿ ತೋರಿಸಿದೆ. ಆಧಾರದಲ್ಲಿ ಸೇತು ಇದೆ: ತಡವಾದದ್ದರಿಂದ ಏನು ತಪ್ಪುತ್ತದೆ ಎಂದು ಹೇಳಿದೆ. ಹಾಗಾದರೆ ನಾಲ್ಕೇ? ಅಲ್ಲ. ಲೆಕ್ಕ ತೋರಿಸುತ್ತಿರುವುದು ಹತ್ತು ನಿಮಿಷದ ತಡ, ಕೇಳುತ್ತಿರುವುದು ಮೂವತ್ತು ನಿಮಿಷ. ಪ್ರಾಂಶುಪಾಲರು ‘9:45 ಮಾಡಿದರೆ ಸಾಕಲ್ಲಪ್ಪ’ ಎಂದರೆ ಹುಡುಗನ ಬಳಿ ಉತ್ತರವಿಲ್ಲ. ಜೊತೆಗೆ ಅದು ಒಂದೇ ಊರಿನ ಬಸ್ಸು. ಸೆಕ್ಷನ್‌ನಲ್ಲಿ ಎಷ್ಟು ಜನ ಹೀಗೆ ಬರುತ್ತಾರೆ ಎಂದು ಎಣಿಸಿಲ್ಲ. ಆದ್ದರಿಂದ ಮೂರು, ಗುಣಿಸಿದರೆ ಆರು. ಭಾಷೆಗೆ ಎರಡು. ಒಟ್ಟು ಹದಿನಾರು. ನಾಲ್ಕನೇ ಹಂತದ ಮಾತು ಕಣ್ಣೆದುರಿಗೆ ಇಲ್ಲದಿದ್ದರೆ ಈ ಹತ್ತು ನಿಮಿಷ-ಮೂವತ್ತು ನಿಮಿಷದ ಕೊರತೆ ಹೊಳೆಯುವುದೇ ಕಷ್ಟ, ಯಾಕೆಂದರೆ ಹಾಳೆ ಓದಿದ ಕೂಡಲೇ ಪ್ರೀತಿ ಹುಟ್ಟಿಬಿಡುತ್ತದೆ. ಹುಡುಗನಿಗೆ ಮುಂದಿನ ಸಲ ಏನು ಮಾಡಬೇಕು ಎಂದು ಹೇಳಲು ಸಿಗುವುದೂ ಅದೇ ಮಾತು.

ಭಾಷೆಗೆ ಎರಡೇ ಯಾಕೆ ಎಂಬುದಕ್ಕೆ ಜಗಳ ಬರುತ್ತದೆ, ಬರಬೇಕು ಕೂಡ. ‘ಅದ’, ‘ಬರ್ಲಾಕ’, ‘ಸಂಜಿ’ ಇವು ತಪ್ಪುಗಳಲ್ಲ, ಕಲಬುರಗಿಯ ಕನ್ನಡ. ಪ್ರಾಂಶುಪಾಲರಿಗೆ ಬರೆಯುವ ಮನವಿಗೆ ಬರವಣಿಗೆಯ ಕನ್ನಡ ಬೇಕೇ ಎಂಬುದು ಬೇರೆ ಪ್ರಶ್ನೆ. ಬೇಕು ಎಂದಾದರೆ ಅದನ್ನು ಪ್ರಶ್ನೆಯ ಕೆಳಗೇ ಅಚ್ಚು ಹಾಕಿಸಬೇಕು, ತಿದ್ದುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಲ್ಲ. ಇಲ್ಲಿ ಹಾಗೆ ತಿಳಿಸಿದ್ದೆವು ಎಂದಿಟ್ಟುಕೊಂಡು ಎರಡು ಕೊಟ್ಟಿದೆ. ತಿಳಿಸದಿದ್ದರೆ ಮೂರು ಕೊಡಬೇಕು. ಬೀದರಿನಲ್ಲಿ ಮನೆಯಲ್ಲಿ ಮರಾಠಿ ಅಥವಾ ಉರ್ದು, ಯಾದಗಿರಿಯ ಗಡಿಯಲ್ಲಿ ತೆಲುಗು, ತಾಂಡಾದಿಂದ ಬಂದವರಿಗೆ ಲಂಬಾಣಿ. ಕನ್ನಡ ಕಾಲೇಜಿನ ಭಾಷೆ ಮಾತ್ರ ಆಗಿರುವ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಅವರ ಅಲ್ಪಪ್ರಾಣ-ಮಹಾಪ್ರಾಣದ ತಪ್ಪನ್ನು ಒಂದೊಂದಾಗಿ ಎಣಿಸಿದರೆ ವಾದದ ಅಂಕವೂ ಕೊಚ್ಚಿಹೋಗುತ್ತದೆ. ಅದಕ್ಕೆ ಭಾಷೆಯ ಸಾಲಿನ ಗೆರೆಯನ್ನು ಓದುಗನ ಕಡೆಯಿಂದ ಎಳೆಯುವುದು ಒಳ್ಳೆಯದು: ವಾಕ್ಯ ಅರ್ಥವಾಗಲು ಹಿಂದಿರುಗಿ ಓದಬೇಕಾಯಿತೇ? ಒಂದೇ ಬಗೆಯ ತಪ್ಪು ಹತ್ತು ಸಲ ಬಂದರೂ ಒಂದೇ ತಪ್ಪು. ಭಾಷೆಯ ಕೊರತೆಗೆ ಅಂಕ ಕಳೆಯುವುದು ಈ ಸಾಲಿನಲ್ಲಿ ಮಾತ್ರ, ಆಧಾರದ ಸಾಲಿನಲ್ಲಿ ಅದನ್ನೇ ಮತ್ತೆ ಹಿಡಿಯಬಾರದು.

ಪಟ್ಟಿ ಬರೆದಾದ ಮೇಲೆ ಪರೀಕ್ಷೆಗೆ ಒಡ್ಡದೆ ಬಳಸಬಾರದು. ಹತ್ತು ಹಾಳೆ, ಇಬ್ಬರು ಉಪನ್ಯಾಸಕರು, ಬೇರೆ ಬೇರೆ ಕೋಣೆ. ಹತ್ತು ಹಾಳೆಗೆ ನಾಲ್ಕು ಸಾಲು ಎಂದರೆ ನಲವತ್ತು ತೀರ್ಮಾನ. ಆಮೇಲೆ ಕೂತು ಒಟ್ಟು ಅಂಕವನ್ನಲ್ಲ, ಸಾಲು ಸಾಲಾಗಿ ಹಂತವನ್ನು ಹೋಲಿಸಿ. ಒಟ್ಟು ಅಂಕ ಮೋಸ ಮಾಡುತ್ತದೆ. ಒಬ್ಬರು ನಿಲುವಿಗೆ ನಾಲ್ಕು, ಪೂರ್ವಪಕ್ಷಕ್ಕೆ ಎರಡು ಕೊಟ್ಟು, ಇನ್ನೊಬ್ಬರು ಅದನ್ನೇ ತಿರುವಿ ಕೊಟ್ಟರೂ ಮೊತ್ತ ಒಂದೇ. ಒಂದು ಹಂತದ ವ್ಯತ್ಯಾಸ ಅಲ್ಲಲ್ಲಿ ಇದ್ದದ್ದೇ. ಎರಡು ಹಂತದ ವ್ಯತ್ಯಾಸ ಬಂದಲ್ಲಿ ಮಾತ್ರ ಇಬ್ಬರೂ ಆ ಹಾಳೆ ತೆಗೆದು, ಯಾವ ವಾಕ್ಯ ನೋಡಿ ಈ ಹಂತ ಕೊಟ್ಟಿರಿ ಎಂದು ಬೆರಳಿಟ್ಟು ತೋರಿಸಬೇಕು. ಬಹಳ ಸಲ ತಪ್ಪು ಉಪನ್ಯಾಸಕರದ್ದಾಗಿರುವುದಿಲ್ಲ, ವಿವರಣೆಯ ಒಂದು ಪದ ಎರಡು ಅರ್ಥ ಕೊಡುತ್ತಿರುತ್ತದೆ. ‘ನಿರ್ದಿಷ್ಟ ಆಧಾರ’ ಎಂದರೆ ಒಬ್ಬರಿಗೆ ಅಂಕಿಸಂಖ್ಯೆ, ಇನ್ನೊಬ್ಬರಿಗೆ ಕಂಡದ್ದರ ವಿವರ. ಆಗ ‘ಸ್ಥಳ, ಸಮಯ, ಸಂಖ್ಯೆ ಅಥವಾ ಕಣ್ಣಾರೆ ಕಂಡ ಘಟನೆ’ ಎಂದು ಬಿಡಿಸಿ ಬರೆಯಬೇಕು. ಹತ್ತರಲ್ಲಿ ನಾಲ್ಕು ಹಾಳೆಗೆ ಒಂದೇ ಸಾಲಿನಲ್ಲಿ ತಕರಾರು ಬಂದರೆ ಆ ಸಾಲನ್ನು ಪೂರಾ ಹೊಸದಾಗಿ ಬರೆಯುವುದೇ ವಾಸಿ. ಇಬ್ಬರ ಅಂಕದ ಸರಾಸರಿ ತೆಗೆದು ಸಮಾಧಾನ ಮಾಡಿಕೊಂಡರೆ ಪಟ್ಟಿಯ ಸೀಳು ಹಾಗೇ ಉಳಿಯುತ್ತದೆ.

ಇಬ್ಬರೂ ಒಪ್ಪಿದ ಹಾಳೆಗಳಲ್ಲಿ ಹಂತಕ್ಕೊಂದರಂತೆ ನಾಲ್ಕನ್ನು ಆರಿಸಿ, ಅಂಚಿನಲ್ಲಿ ಯಾಕೆ ಈ ಹಂತ ಎಂದು ಬರೆದು ಮಾದರಿ ಹಾಳೆಯಾಗಿ ಇಟ್ಟುಕೊಳ್ಳಬೇಕು. ಎರಡನೇ ಮತ್ತು ಮೂರನೇ ಹಂತಕ್ಕೆ ಗೆರೆಯ ಹತ್ತಿರದ ಹಾಳೆಗಳನ್ನೇ ಆರಿಸಿ. ಕಷ್ಟವಾಗುವುದು ಅಲ್ಲೇ. ಮೊದಲನೆಯ ಮತ್ತು ನಾಲ್ಕನೆಯದನ್ನು ಯಾರಾದರೂ ಗುರುತಿಸುತ್ತಾರೆ.

ತಿದ್ದುವ ಕ್ರಮವೂ ಸ್ವಲ್ಪ ಬದಲಾಗಬೇಕು. ಒಂದು ಹಾಳೆಯ ನಾಲ್ಕೂ ಸಾಲಿಗೆ ಒಟ್ಟಿಗೆ ಹಂತ ಹಾಕಿದರೆ ಮೊದಲ ಸಾಲಿನ ನಾಲ್ಕು ಉಳಿದದ್ದನ್ನೂ ಮೇಲೆಳೆಯುತ್ತದೆ. ಹತ್ತು ಹತ್ತು ಹಾಳೆಯ ಕಟ್ಟು ಮಾಡಿ, ಒಂದು ಕಟ್ಟಿಗೆ ಮೊದಲು ಆಧಾರದ ಸಾಲು ಮಾತ್ರ, ಆಮೇಲೆ ಪೂರ್ವಪಕ್ಷ, ಆಮೇಲೆ ನಿಲುವು, ಕಡೆಗೆ ಭಾಷೆ ನೋಡಬೇಕು. ಭಾಷೆ ಕಡೆಗೇ ಇರಲಿ, ಮೊದಲು ನೋಡಿದರೆ ಅದು ಉಳಿದದ್ದಕ್ಕೆಲ್ಲ ಬಣ್ಣ ಹಚ್ಚುತ್ತದೆ. ಅರವತ್ತು ಜನರ ಸೆಕ್ಷನ್‌ಗೆ ಹಾಳೆಗೆ ನಾಲ್ಕು ನಿಮಿಷ ಹಿಡಿದರೆ ನಾಲ್ಕು ಗಂಟೆಯ ಕೆಲಸ. ಒಂದೇ ಕೂತಲ್ಲಿ ಮಾಡಬಾರದು. ಎರಡನೇ ದಿನ ಶುರು ಮಾಡುವ ಮುಂಚೆ ಮೊದಲ ದಿನದ ಐದು ಹಾಳೆಗೆ, ಹಾಕಿದ ಹಂತ ಮುಚ್ಚಿ, ಮತ್ತೆ ಹಂತ ಹಾಕಿ ನೋಡಿ. ಐದರಲ್ಲಿ ಎರಡು ಕೆಳಗೆ ಇಳಿದಿದ್ದರೆ ಹಾಳೆ ಬದಲಾಗಿಲ್ಲ, ನಿಮ್ಮ ಅಳತೆ ಬಿಗಿಯಾಗಿದೆ. ಮಾದರಿ ಹಾಳೆಗಳನ್ನು ಮತ್ತೊಮ್ಮೆ ಓದಿ ಮುಂದುವರಿಯಬೇಕು.

ಒಂದು ಬಗೆಯ ಪ್ರಬಂಧ ಈ ಪಟ್ಟಿಗೆ ಸಿಗುವುದಿಲ್ಲ. ವಿಡಂಬನೆ. ‘ಕಾಲೇಜು ಒಂಬತ್ತೂವರೆಗೇ ಇರಲಿ ಸರ್, ನಾವು ರಾತ್ರಿಯೇ ಬಸ್‌ಸ್ಟ್ಯಾಂಡಿಗೆ ಬಂದು ಮಲಗುತ್ತೇವೆ’ ಎಂದು ಪೂರಾ ತಿರುಗಿಸಿ ಬರೆದವನ ನಿಲುವು ಅಕ್ಷರಶಃ ನೋಡಿದರೆ ಎದುರು ಕಡೆಯದ್ದು. ಪಟ್ಟಿ ಅವನಿಗೆ ಒಂದು ಕೊಡುತ್ತದೆ, ಓದುಗ ನಾಲ್ಕು ಕೊಡುತ್ತಾನೆ. ಇಂಥ ಹಾಳೆಗೆ ಹಂತ ಹಾಕದೆ ಪಕ್ಕಕ್ಕಿಟ್ಟು, ಇಬ್ಬರೂ ಸೇರಿ ಓದಿ ಒಟ್ಟು ಅಂಕ ನಿರ್ಧರಿಸಿ, ಕಾರಣವನ್ನು ಹಾಳೆಯ ಮೇಲೇ ಬರೆದು ಸಹಿ ಹಾಕುವುದು ಸರಿಯಾದ ದಾರಿ. ಸೆಕ್ಷನ್‌ಗೆ ಒಂದೋ ಎರಡೋ ಸಿಗಬಹುದು. ಐದಾರು ಸಿಕ್ಕರೆ ಪ್ರಶ್ನೆಯ ಕೆಳಗಿನ ಸೂಚನೆಯನ್ನು ಮತ್ತೆ ಓದಿ ನೋಡಿ.